ಒಂದೇ ಮನೆ, ಮೂರು ಬಾಯಿ: ಹಲ್ಲುಸಂದಿಗೆ ದಾರವೋ, ಸಣ್ಣ ಬ್ರಶ್ಶೋ, ನೀರಿನ ಮಷಿನ್ನೋ?

ನಮ್ಮ ಮನೆಯಲ್ಲಿ ಈಗ ಹಲ್ಲುಸಂದಿ ಸ್ವಚ್ಛ ಮಾಡೋಕೆ ಮೂರು ಥರದ ಸಾಮಾನಿವೆ. ನನ್ನದು ಫ್ಲಾಸ್, ಅಂದರೆ ಮೇಣ ಹಚ್ಚಿದ ದಾರ. ಅವ್ವನದು ಬಾಟಲಿ ತೊಳೆಯುವ ಬ್ರಶ್ಶಿನ ಮರಿಯಂತಿರುವ ಇಂಟರ್‌ಡೆಂಟಲ್ ಬ್ರಶ್. ಪಿಯುಸಿ ಓದುವ ತಂಗಿ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದಾಳೆ. ಅವಳ ಹತ್ತಿರ ಇವೆರಡರ ಜೊತೆಗೆ ವಾಟರ್ ಫ್ಲಾಸರ್ ಅನ್ನೋ ನೀರು ಚಿಮ್ಮುವ ಮಷಿನ್ ಕೂಡ ಇದೆ. ಹಾವೇರಿ ಕಡೆಯ ಸಣ್ಣ ಊರು ನಮ್ಮದು. ನೋಡಿದವರೆಲ್ಲ ಕೇಳೋದು ಒಂದೇ ಮಾತು: "ಮೂರರಾಗ ಯಾವುದು ಚಲೋ?" ಉತ್ತರ ಅಂಗಡಿಯಲ್ಲಿಲ್ಲ, ನಿಮ್ಮ ಎರಡು ಹಲ್ಲುಗಳ ನಡುವಿನ ಜಾಗದಲ್ಲಿದೆ.

ಆ ಜಾಗ ಹೇಗಿರುತ್ತದೆ ಅಂತ ಮೊದಲು ನೋಡೋಣ. ಅಕ್ಕಪಕ್ಕದ ಎರಡು ಹಲ್ಲುಗಳು ಮೇಲ್ಗಡೆ ಒಂದು ಕಡೆ ಮಾತ್ರ ಒಂದಕ್ಕೊಂದು ತಾಗಿರುತ್ತವೆ. ಅದರ ಕೆಳಗೆ, ವಸಡಿನ ಹತ್ತಿರ, ಸಣ್ಣದೊಂದು ತ್ರಿಕೋನ ಇರುತ್ತದೆ. ಚಿಕ್ಕ ವಯಸ್ಸಿನ, ಆರೋಗ್ಯವಾದ ಬಾಯಿಯಲ್ಲಿ ಆ ತ್ರಿಕೋನವನ್ನು ವಸಡೇ ತುಂಬಿರುತ್ತದೆ. ವಯಸ್ಸಾಗಿ ಅಥವಾ ರೋಗ ಬಂದು ವಸಡು ಇಳಿದಾಗ ಅದು ತೂತಿನಂತೆ ಬಿಚ್ಚಿಕೊಳ್ಳುತ್ತದೆ. ಹಲ್ಲುಜ್ಜುವ ಬ್ರಶ್ಶಿನ ಕೂದಲು ಈ ಎರಡೂ ಕಡೆ ಒಳಗೆ ಹೋಗೋದಿಲ್ಲ. ಅಲ್ಲಿ ಕ್ರಿಮಿಗಳ ಅಂಟು ಪದರ ಬೆಳೆಯುತ್ತದೆ. ವೈದ್ಯರು ಅದಕ್ಕೆ ಪ್ಲಾಕ್ ಅನ್ನುತ್ತಾರೆ. ತೆಗೆಯದೆ ಬಿಟ್ಟರೆ ಕೆಲವೇ ದಿನಗಳಲ್ಲಿ ಗಟ್ಟಿಯಾಗತೊಡಗುತ್ತದೆ. ಒಮ್ಮೆ ಗಟ್ಟಿಯಾದರೆ ಮನೆಯಲ್ಲಿ ಏನು ಮಾಡಿದರೂ ಬರೋದಿಲ್ಲ, ವೈದ್ಯರೇ ಕೆರೆದು ತೆಗೆಯಬೇಕು.

ನನ್ನ ಕೆಳಗಿನ ಮುಂದಿನ ಹಲ್ಲುಗಳು ಒತ್ತೊತ್ತಾಗಿವೆ. ಅಲ್ಲಿಗೆ ಅತಿ ಸಣ್ಣ ಸಂದಿ ಬ್ರಶ್ ಕೂಡ ಹೋಗೋದಿಲ್ಲ. ಅದರ ನಡುವಿನ ತಂತಿಯೇ ಸುಮಾರು 0.4 ಮಿಲಿಮೀಟರ್ ದಪ್ಪ, ಸುತ್ತ ಕೂದಲು ಬೇರೆ. ಜೋರು ಮಾಡಿ ತಳ್ಳಿದರೆ ವಸಡು ಜಜ್ಜುತ್ತದೆ, ಇಲ್ಲವೇ ತಂತಿ ಮಡಚಿಕೊಳ್ಳುತ್ತದೆ. ಇಂಥ ಕಡೆ ದಾರವೇ ಆಗಬೇಕು, ಅದರಲ್ಲೂ ಮೇಣದ್ದು ಅಥವಾ ಚಪ್ಪಟೆ ಪಟ್ಟಿಯಂಥದ್ದು. ಹೊಲಿಗೆ ದಾರ ಬೇಡ. ಅದು ಸಂದಿಯಲ್ಲಿ ಹರಿದು ಉಳಿಯುತ್ತದೆ, ವಸಡು ಕೊಯ್ಯುತ್ತದೆ.

ಸುಮಾರು 45 ಸೆಂಟಿಮೀಟರ್ ದಾರ ಹರಿದುಕೊಂಡು ಎರಡೂ ಕೈಯ ನಡುಬೆರಳಿಗೆ ಸುತ್ತಿ, ಮಧ್ಯೆ ಎರಡು ಮೂರು ಸೆಂಟಿಮೀಟರ್ ಬಿಗಿಯಾಗಿ ಹಿಡಿಯಬೇಕು. ಹಲ್ಲು ತಾಗುವ ಬಿಗಿ ಜಾಗದಲ್ಲಿ ಗರಗಸ ಎಳೆದ ಹಾಗೆ ಹಿಂದೆ ಮುಂದೆ ಮೆಲ್ಲಗೆ ಆಡಿಸುತ್ತ ಇಳಿಸಬೇಕು. ಟಕ್ ಅಂತ ಒತ್ತಿದರೆ ದಾರ ನೇರ ವಸಡಿಗೆ ಬಡಿಯುತ್ತದೆ. ಇಳಿದ ಮೇಲೆ ದಾರವನ್ನು ಒಂದು ಹಲ್ಲಿನ ಪಕ್ಕಕ್ಕೆ ಅಪ್ಪಿಸಿ, ವಸಡಿನ ಅಂಚಿನೊಳಕ್ಕೆ ತುಸು ಇಳಿಯುವವರೆಗೆ ಮೇಲೆ ಕೆಳಗೆ ಉಜ್ಜಬೇಕು. ಆಮೇಲೆ ಅದೇ ಸಂದಿಯ ಇನ್ನೊಂದು ಹಲ್ಲಿಗೂ ಹಾಗೇ. ಸಂದಿ ಒಂದೇ ಆದರೂ ಗೋಡೆ ಎರಡು. ಬಹಳ ಜನ ದಾರ ಹಾಕಿ ಎಳೆದು ಬಿಡುತ್ತಾರೆ. ಸಿಕ್ಕಿಕೊಂಡ ನಾರು ಬರುತ್ತದೆ, ಅಂಟು ಅಲ್ಲೇ ಉಳಿಯುತ್ತದೆ. ಒಂದೇ ಸಂದಿಯಲ್ಲಿ ದಿನಾ ದಾರ ಎಳೆಎಳೆಯಾಗಿ ಹರಿದರೆ ಅಲ್ಲಿ ಹುಳುಕೋ, ಹಳೆ ಸಿಮೆಂಟಿನ ಚೂಪು ಅಂಚೋ, ಗಟ್ಟಿಯಾದ ಪದರವೋ ಇರಬಹುದು. ವೈದ್ಯರಿಗೆ ತೋರಿಸಿ.

ಅವ್ವನ ಬಾಯಿ ಇದಕ್ಕೆ ಉಲ್ಟಾ. ವಸಡು ಇಳಿದು ದವಡೆ ಹಲ್ಲುಗಳ ನಡುವೆ ಜಾಗ ಬಿಟ್ಟಿದೆ. ಮಾಂಸ, ಅವರೆಕಾಳಿನ ಸಿಪ್ಪೆ ಸಿಕ್ಕರೆ ಪೊರಕೆ ಕಡ್ಡಿ ಹುಡುಕುತ್ತಿದ್ದಳು. ಅಲ್ಲಿ ದಾರ ಅಷ್ಟು ಕೆಲಸಕ್ಕೆ ಬಾರದು. ಹಲ್ಲಿನ ಬೇರಿನ ಪಕ್ಕ ತಗ್ಗಾಗಿರುತ್ತದೆ, ಬಿಗಿಯಾದ ದಾರ ಆ ತಗ್ಗನ್ನು ಮುಟ್ಟದೆ ಮೇಲಿಂದ ಮೇಲೆ ಹಾದುಹೋಗುತ್ತದೆ. ಬ್ರಶ್ಶಿನ ಕೂದಲು ತಗ್ಗಿನೊಳಗೂ ತಾಗುತ್ತದೆ. 2019ರಲ್ಲಿ ಕಾಕ್ರೇನ್ ಸಂಸ್ಥೆ 35 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತ್ತು. ಹಲ್ಲುಜ್ಜುವುದರ ಜೊತೆಗೆ ದಾರ ಅಥವಾ ಸಂದಿ ಬ್ರಶ್ ಬಳಸಿದರೆ ಬರೀ ಉಜ್ಜುವುದಕ್ಕಿಂತ ವಸಡಿಗೆ ಒಳ್ಳೆಯದಾಗಬಹುದು, ದಾರಕ್ಕಿಂತ ಸಂದಿ ಬ್ರಶ್ ಹೆಚ್ಚು ಕೆಲಸ ಮಾಡಬಹುದು ಅಂತ ಅದರ ಸಾರ. "ಬಹುದು" ಅನ್ನೋದು ಮುಖ್ಯ, ಯಾಕಂದರೆ ಪುರಾವೆ ಅಷ್ಟು ಗಟ್ಟಿಯಿಲ್ಲ ಅಂತ ಅವರೇ ಬರೆದಿದ್ದಾರೆ. ಬ್ರಶ್ ಹೋಗುವಷ್ಟು ಜಾಗ ಇದ್ದವರಿಗೆ ಮಾತ್ರ ಈ ಮಾತು ಅನ್ವಯಿಸುತ್ತದೆ ಅನ್ನೋದೂ ನೆನಪಿರಲಿ.

ಈಗ ತಂಗಿಯ ವಿಷಯ. ಕ್ಲಿಪ್ ಅಂದರೆ ಪ್ರತಿ ಹಲ್ಲಿಗೂ ಅಂಟಿಸಿದ ಸಣ್ಣ ಲೋಹದ ಬ್ರಾಕೆಟ್, ಅವನ್ನೆಲ್ಲ ಪೋಣಿಸಿದ ಒಂದು ತಂತಿ. ಮಾಮೂಲಿ ಬಾಯಲ್ಲಿ ದಾರ ಹಲ್ಲಿನ ಕಚ್ಚುವ ಅಂಚಿಂದ ಸಂದಿಗೆ ಇಳಿಯುತ್ತದೆ. ಕ್ಲಿಪ್ ಇದ್ದರೆ ನಡುವೆ ತಂತಿ ಅಡ್ಡ ಬರುತ್ತದೆ. "ಅಕ್ಕಾ, ದಾರ ಕೆಳಗ ಹೋಗಂಗೇ ಇಲ್ಲಲ್ಲ" ಅಂತ ಮೊದಲ ವಾರವೇ ಬಿಟ್ಟುಬಿಟ್ಟಳು. ಅವಳ ಕಷ್ಟ ನೋಡಲಾಗದೆ ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡಲ್ಲಿ ಎರಡೂವರೆ ಸಾವಿರ ಕೊಟ್ಟು ವಾಟರ್ ಫ್ಲಾಸರ್ ತರಿಸಿದ. ರೊಟ್ಟಿ ಚೂರು, ಅನ್ನದ ಅಗುಳು ಎಲ್ಲ ಒಂದೇ ನಿಮಿಷದಲ್ಲಿ ಹಾರಿ ಬರುತ್ತಿದ್ದವು. ಎಲ್ಲರಿಗೂ ಖುಷಿ.

ಮುಂದಿನ ತಿಂಗಳು ತಂತಿ ಬಿಗಿ ಮಾಡಿಸಲು ತಾಲೂಕಿನ ಆಸ್ಪತ್ರೆಗೆ ಹೋದಾಗ ವೈದ್ಯರು ಸಣ್ಣ ಸಲಾಕೆಯಿಂದ ಬ್ರಾಕೆಟ್ಟಿನ ಬುಡ ಕೆರೆದು ತೋರಿಸಿದರು. ತುದಿಯಲ್ಲಿ ಬಿಳಿ ಮುದ್ದೆ. ಹಲ್ಲಿಗೆ ಗಾಳಿ ಹಾಕಿ ಒಣಗಿಸಿದರೆ ಮುಂದಿನ ಎರಡು ಹಲ್ಲಿನ ಮೇಲೆ, ವಸಡಿಗೂ ಬ್ರಾಕೆಟ್ಟಿಗೂ ನಡುವೆ, ಸೀಮೆಸುಣ್ಣದಂಥ ಬಿಳಿ ಮಚ್ಚೆ. "ಇದು ಹುಳುಕಿನ ಮೊದಲ ಮೆಟ್ಟಿಲು. ಹೀಗೇ ಬಿಟ್ಟರೆ ಹಲ್ಲು ಸಾಲಿಗೆ ಬರೋ ಮೊದಲೇ ಕ್ಲಿಪ್ ತೆಗೀಬೇಕಾಗ್ತದಮ್ಮಾ" ಅಂದರು. ಕ್ಲಿಪ್ಪಿಗೆ ಆಗಲೇ 30 ಸಾವಿರ ಹೋಗಿತ್ತು.

ಕಾರಣ ಸರಳ. ಒಣಗಿದ ಗಂಜಿ ಹಿಡಿದ ಪಾತ್ರೆಗೆ ಪೈಪಿನ ನೀರು ಬಿಟ್ಟರೆ ಅಗುಳು ಹೋಗುತ್ತದೆ, ಅಂಟು ಪೂರ್ತಿ ಹೋಗೋದಿಲ್ಲ. ಅದಕ್ಕೆ ಕೈ ಹಾಕಿ ತಿಕ್ಕಬೇಕು. ನೀರಿನ ಮಷಿನ್ ಪದರವನ್ನು ಸ್ವಲ್ಪ ಸಡಿಲಿಸುತ್ತದೆ, ವಸಡಿನ ರಕ್ತ ಕಡಿಮೆ ಮಾಡಲು ನೆರವಾಗುತ್ತದೆ. ಆದರೆ ಕ್ಲಿಪ್ಪಿನವರಿಗೆ ಅದು ಜೊತೆಗಾರ, ತಿಕ್ಕುವ ಕೆಲಸದ ಬದಲಿ ಅಲ್ಲ.

ವೈದ್ಯರು ಹೇಳಿಕೊಟ್ಟ ಕ್ರಮವನ್ನೇ ತಂಗಿ ರಾತ್ರಿ ಮಾಡುತ್ತಾಳೆ. ಮೊದಲು ನೀರಿನ ಮಷಿನ್ ಅಥವಾ ಬರೀ ಬಾಯಿ ಮುಕ್ಕಳಿಸಿ ದೊಡ್ಡ ಚೂರು ತೆಗೆಯೋದು. ಆಮೇಲೆ ಸಂದಿ ಬ್ರಶ್. ಅದನ್ನು ಎರಡು ಬ್ರಾಕೆಟ್ಟಿನ ನಡುವೆ ತಂತಿಯ ಹಿಂದಿನಿಂದ, ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ ತೂರಿಸಿ ಬ್ರಾಕೆಟ್ಟಿನ ಪಕ್ಕ ನಾಲ್ಕಾರು ಸಲ ತಿಕ್ಕೋದು. ಇಲ್ಲಿ ಅದು ಹಲ್ಲುಸಂದಿಯೊಳಗೆ ಹೋಗುತ್ತಿಲ್ಲ, ಹಲ್ಲಿನ ಮುಂಭಾಗದಲ್ಲಿ ತಂತಿಯ ಅಡಿ ಕೆಲಸ ಮಾಡುತ್ತಿದೆ. ಹಾಗಾಗಿ ಹಲ್ಲು ಒತ್ತಾಗಿದ್ದವರಿಗೂ ಆಗುತ್ತದೆ. ಮೂರನೆಯದು ದಾರ. ಇದಕ್ಕೆ ಫ್ಲಾಸ್ ಥ್ರೆಡರ್ ಅಂತ ಪ್ಲಾಸ್ಟಿಕ್ಕಿನ ದೊಡ್ಡ ಸೂಜಿ ಸಿಗುತ್ತದೆ. ಕಣ್ಣಿನೊಳಗೆ ದಾರ ಹಾಕಿ, ಸೂಜಿಯನ್ನು ತಂತಿಯ ಹಿಂದೆ ತೂರಿಸಿ ಎಳೆದರೆ ದಾರ ತಂತಿ ದಾಟಿ ಒಳಗೆ ಬರುತ್ತದೆ. ಅಲ್ಲಿಂದ ಮುಂದೆ ನಾನು ಮಾಡಿದ ಹಾಗೇ. ತುದಿ ಗಟ್ಟಿ ಇರುವ ಸೂಪರ್‌ಫ್ಲಾಸ್ ಅನ್ನೋ ದಾರ ಸಿಕ್ಕರೆ ಸೂಜಿ ಬೇಡ. ಕೊನೆಗೆ ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಿ, ಉಗುಳಿ, ಜಾಸ್ತಿ ನೀರು ಹಾಕಿ ತೊಳೆಯದೆ ಮಲಗೋದು.

ಮೊದಲ ವಾರ ಇದಕ್ಕೆಲ್ಲ ಇಪ್ಪತ್ತು ನಿಮಿಷ ಹಿಡಿಯಿತು, ಈಗ ಹತ್ತು. ಬೆಳಿಗ್ಗೆ ಕಾಲೇಜಿನ ಬಸ್ಸಿನ ಗಡಿಬಿಡಿಯಲ್ಲಿ ಉಜ್ಜೋದು, ನೀರಿನ ಮಷಿನ್ ಅಷ್ಟೇ. ಸಂದಿಯೊಳಗೆ ದಿನಕ್ಕೊಮ್ಮೆ ನೆಟ್ಟಗೆ ತಿಕ್ಕಿದರೆ ಸಾಕು.

ಶುರುವಿನಲ್ಲಿ ಅವಳಿಗೂ ಅವ್ವನಿಗೂ ರಕ್ತ ಬಂತು. ಅವ್ವ ಹೆದರಿ ಬಿಡುವುದರಲ್ಲಿದ್ದಳು. ಊದಿದ ವಸಡು ಮುಟ್ಟಿದರೆ ರಕ್ತ ಬರುತ್ತದೆ, ಪದರ ಹೋದಂತೆ ಊತ ಇಳಿಯುತ್ತದೆ. ಅವ್ವನಿಗೆ ಹತ್ತು ದಿನದಲ್ಲಿ ನಿಂತಿತು. ಎರಡು ವಾರ ದಿನಾ ಸರಿಯಾಗಿ ಮಾಡಿದರೂ ನಿಲ್ಲದಿದ್ದರೆ ಅಥವಾ ಹಲ್ಲು ಅಲುಗಾಡಿದರೆ ತಡ ಮಾಡದೆ ತೋರಿಸಬೇಕು.

ಕೊಳ್ಳುವಾಗ ಒಂದೆರಡು ಮಾತು. ಸಂದಿ ಬ್ರಶ್ಶಿನ ಬಣ್ಣ ನೋಡಿ ಕೊಳ್ಳಬೇಡಿ. ಒಂದು ಕಂಪನಿಯ ಕೆಂಪು ಇನ್ನೊಂದರ ಕೆಂಪಿನ ಅಳತೆಯಲ್ಲ. ಮೊದಲ ಸಲ ವೈದ್ಯರ ಹತ್ತಿರವೇ ಅಳತೆ ಗೊತ್ತುಮಾಡಿಕೊಳ್ಳಿ. ಕೂದಲು ಎರಡೂ ಕಡೆ ತಾಗಿ ತುಸು ಬಿಗಿ ಅನ್ನಿಸಬೇಕು, ನಡುವಿನ ತಂತಿ ಹಲ್ಲಿಗೆ ಉಜ್ಜಬಾರದು. ಒಂದೇ ಬಾಯಿಗೆ ಎರಡು ಅಳತೆ ಬೇಕಾಗಬಹುದು. ಬಳಸಿದ ಮೇಲೆ ತೊಳೆದು ಒಣಗಿಸಿ, ಕೂದಲು ಚಪ್ಪಟೆಯಾದರೆ ಅಥವಾ ತಂತಿ ಬಾಗಿದರೆ ಎಸೆಯಿರಿ. ಕ್ಲಿಪ್ಪಿನಲ್ಲಿ ಬ್ರಶ್ ಬೇಗ ಸವೆಯುತ್ತದೆ. ತಂಗಿಗೆ ಒಂದು ವಾರ, ಹತ್ತು ದಿನ ಬರುತ್ತದೆ.

ನೀರಿನ ಮಷಿನ್ನಿಗೆ ನಮ್ಮ ಬೋರಿನ ಗಡಸು ನೀರು ಹಾಕಿದರೆ ಮೂತಿಯಲ್ಲಿ ಸುಣ್ಣ ಕಟ್ಟಿ ಧಾರೆ ಸಣ್ಣಗಾಗುತ್ತದೆ. ಶುದ್ಧ ನೀರಿನ ಘಟಕದಿಂದ ತಂದ ಕುಡಿಯುವ ನೀರನ್ನೇ ತುಸು ಬೆಚ್ಚಗೆ ಮಾಡಿ ಹಾಕುತ್ತೇವೆ. ಕಡಿಮೆ ಒತ್ತಡದಿಂದ ಶುರು ಮಾಡಿ, ಧಾರೆಯನ್ನು ವಸಡಿನ ಅಂಚಿಗೆ ನೇರವಾಗಿ ಹಿಡಿದು, ಪ್ರತಿ ಸಂದಿಯಲ್ಲಿ ಒಂದೆರಡು ಕ್ಷಣ ನಿಲ್ಲಿಸಬೇಕು. ದುಡ್ಡು ಕಡಿಮೆ ಇದ್ದರೆ ಮಷಿನ್ ಬಿಡಿ, ಥ್ರೆಡರ್, ದಾರ, ಸಂದಿ ಬ್ರಶ್ ತನ್ನಿ. ನಮಗೆ ಅವು ಮೂರೂ ಸೇರಿ ಐನೂರು ರೂಪಾಯಿಯೊಳಗೆ ಬಂದವು. ಕೈ ನಡುಗುವವರು, ದಾರ ಹಿಡಿಯಲು ಬೆರಳು ಬಾಗದವರು ಮಾತ್ರ ಮಷಿನ್ನಿಗೆ ಮೊದಲು ದುಡ್ಡು ಹಾಕಿದರೂ ಸರಿ.

ತಂಗಿಯ ಬಿಳಿ ಮಚ್ಚೆ ಪೂರ್ತಿ ಹೋಗಿಲ್ಲ, ಆದರೆ ಆರು ತಿಂಗಳಲ್ಲಿ ದೊಡ್ಡದಾಗಿಲ್ಲ, ಹೊಸದು ಬಂದಿಲ್ಲ. ಕ್ಲಿಪ್ ಇನ್ನು ನಾಲ್ಕು ತಿಂಗಳಿಗೆ ತೆಗೆಯುತ್ತಾರಂತೆ. ತೆಗೆದ ಮೇಲೆ ಹಲ್ಲು ಮತ್ತೆ ಸರಿಯದಂತೆ ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ತೆಳು ತಂತಿಯೊಂದನ್ನು ಅಂಟಿಸುತ್ತಾರೆ, ಅದು ವರ್ಷಗಟ್ಟಲೆ ಇರುತ್ತದೆ. ಅದರ ಕೆಳಗೂ ಪದರ ಕಟ್ಟುತ್ತದೆ. ಹಾಗಾಗಿ ಥ್ರೆಡರಿನ ಇನ್ನೊಂದು ಪ್ಯಾಕೆಟ್ಟನ್ನು ಅಪ್ಪ ಈಗಲೇ ತಂದಿಟ್ಟಿದ್ದಾನೆ.