ಮೋಡ ಎಲ್ಲಿದೆಯೋ ಅಲ್ಲೇ ಕೊನೆ

ಫ್ರಿಜ್ಜಿನ ಟ್ರೇಯಿಂದ ತೆಗೆದ ಐಸ್ ಕ್ಯೂಬನ್ನು ಬೆಳಕಿಗೆ ಹಿಡಿದರೆ ಅಂಚೆಲ್ಲ ತಿಳಿಯಾಗಿ, ನಡುವೆ ಮಾತ್ರ ಬಿಳಿಯ ಮೋಡ ಕಾಣುತ್ತದೆ. ನೀರು ಹೆಪ್ಪುಗಟ್ಟುವಾಗ ತನ್ನೊಳಗೆ ಕರಗಿದ ಗಾಳಿಯನ್ನೂ ಲವಣಗಳನ್ನೂ ಆಚೆ ತಳ್ಳುತ್ತದೆ. ಟ್ರೇಯಲ್ಲಿ ಚಳಿ ಆರೂ ಕಡೆಯಿಂದ ಬರುವುದರಿಂದ ಹೊರಗಿನ ಸಿಪ್ಪೆ ಮೊದಲು ಗಟ್ಟಿಯಾಗುತ್ತದೆ, ತಳ್ಳಿಸಿಕೊಂಡದ್ದಕ್ಕೆ ಹೋಗಲು ದಾರಿಯಿಲ್ಲ. ಅದೆಲ್ಲ ನಡುವೆ ಸೇರಿ ಸಣ್ಣ ಗುಳ್ಳೆಗಳಾಗಿ ಸಿಕ್ಕಿಬೀಳುತ್ತದೆ. ಮೋಡ ಎಲ್ಲಿದೆಯೋ ಅಲ್ಲಿನ ನೀರು ಕೊನೆಗೆ ಹೆಪ್ಪುಗಟ್ಟಿದೆ ಎಂದು ಅರ್ಥ. ತಿಳಿ ಐಸ್ ಮಾಡುವ ವಿದ್ಯೆಯೆಲ್ಲ ಈ ಒಂದು ಮಾತಿನಲ್ಲಿದೆ.

ಕೆರೆಗೆ ಈ ತೊಂದರೆಯಿಲ್ಲ. ಚಳಿದೇಶದ ಕೆರೆ ಮೇಲಿನಿಂದ ಕೆಳಕ್ಕೆ, ಒಂದೇ ದಿಕ್ಕಿನಲ್ಲಿ ಹೆಪ್ಪುಗಟ್ಟುತ್ತದೆ. ಗಾಳಿಯೂ ಲವಣವೂ ಕೆಳಗಿನ ನೀರಿಗೆ ಸರಿದುಹೋಗುತ್ತವೆ. ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ಹಡಗಿನಲ್ಲಿ ಕಲ್ಕತ್ತೆಗೆ ಕಳಿಸಿದ್ದು ಇಂಥ ಕೆರೆಯ ಐಸನ್ನೇ. ಮದ್ರಾಸಿನ ಕಡಲತೀರದಲ್ಲಿ ಇಂದಿಗೂ ನಿಂತಿರುವ ಐಸ್ ಹೌಸ್ ಆ ವ್ಯಾಪಾರಕ್ಕಾಗಿಯೇ ಕಟ್ಟಿದ್ದು. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಲೇಖಕ ಕ್ಯಾಂಪರ್ ಇಂಗ್ಲಿಷ್ ಈ ಕೆರೆಯ ಉಪಾಯವನ್ನು ಮನೆಯ ಫ್ರೀಜರಿಗೆ ತಂದರು. ಪಿಕ್‌ನಿಕ್ಕಿಗೆ ಒಯ್ಯುವ ಸಣ್ಣ ಕೂಲರಿನ ಮುಚ್ಚಳ ತೆಗೆದು ನೀರು ತುಂಬಿ ಒಳಗಿಟ್ಟರು. ಬದಿಗೂ ತಳಕ್ಕೂ ಚಳಿ ತಡೆಯುವ ಹೊದಿಕೆಯಿದ್ದು ಬಾಯಿ ಮಾತ್ರ ತೆರೆದಿದ್ದರಿಂದ ಚಳಿ ಮೇಲಿನಿಂದಲೇ ಇಳಿಯಿತು.

ಮುಂಬೈಯ ಮುಲುಂಡಿನ ಒಂದು ಫ್ಲ್ಯಾಟಿನಲ್ಲಿ ಇದು ಶುರುವಾದದ್ದು ಅಪ್ಪನ ಕಾರಣಕ್ಕೆ. ಧಾರವಾಡದಿಂದ ಮಗನ ಮನೆಗೆ ಬಂದಿರುವ ಅವರದು ಶನಿವಾರಕ್ಕೊಮ್ಮೆ, 60 ಮಿಲಿಲೀಟರಿನ ಒಂದೇ ಪೆಗ್. ಎರಡನೆಯದಿಲ್ಲ ಎಂಬುದು ಅವರೇ ಹಾಕಿಕೊಂಡ ನಿಯಮ. ಆ ಒಂದು ಪೆಗ್ಗಿನ ಮೇಲೆ ಒಂದು ಗಂಟೆ ಮಗನೊಡನೆ ಮಾತು ನಡೆಯಬೇಕು. ಟ್ರೇಯ ನಾಲ್ಕು ಸಣ್ಣ ಕ್ಯೂಬು ಹಾಕಿದರೆ ಅರ್ಧ ಗಂಟೆಯಲ್ಲೇ ಅವರು ಗ್ಲಾಸನ್ನು ಕೆಳಗಿಡುತ್ತಿದ್ದರು. "ನೀರಾತಲ್ಲೋ ಇದು" ಎನ್ನುತ್ತಿದ್ದರು. ಅಲ್ಲಿಗೆ ಮಾತೂ ಮುಗಿಯುತ್ತಿತ್ತು.

ಮಗ ಲೆಕ್ಕ ಹಾಕಿದ. ಐದು ಸೆಂಟಿಮೀಟರಿನ ಒಂದು ದೊಡ್ಡ ಕ್ಯೂಬಿನ ಮೈ 150 ಚದರ ಸೆಂಟಿಮೀಟರು. ಅದನ್ನೇ ಎರಡೂವರೆ ಸೆಂಟಿಮೀಟರಿನ ಎಂಟು ತುಂಡು ಮಾಡಿದರೆ ಐಸ್ ಅಷ್ಟೇ ಇರುತ್ತದೆ, ಮೈ ಮಾತ್ರ 300 ಆಗುತ್ತದೆ. ಕರಗುವಿಕೆ ನಡೆಯುವುದು ಮೈಯಲ್ಲೇ. ಗುಳ್ಳೆ ತುಂಬಿದ ಐಸ್ ಬಿರುಕುಬಿಟ್ಟು ಒಡೆಯುವುದೂ ಸುಲಭ, ಆಗ ಮೈ ಮತ್ತೂ ಹೆಚ್ಚುತ್ತದೆ. ಹಾಗಾಗಿ ದೊಡ್ಡದು ಬೇಕು, ಗಟ್ಟಿಯದು ಬೇಕು.

ಸಾಧನಗಳು ಮನೆಯಲ್ಲೇ ಇದ್ದವು. 15 ಸೆಂಟಿಮೀಟರು ಉದ್ದ, 10 ಅಗಲದ ಒಂದು ಪ್ಲಾಸ್ಟಿಕ್ ಡಬ್ಬಿ. ಅದರ ಸುತ್ತ ಬಿಗಿಯಾಗಿ ಕೂರುವಂತೆ ಕತ್ತರಿಸಿದ, ಎರಡು ಬೆರಳು ದಪ್ಪದ ಥರ್ಮೊಕೋಲ್. ಡಬ್ಬಿಗೆ 9 ಸೆಂಟಿಮೀಟರು ಎತ್ತರ, ಅಂದರೆ ಸುಮಾರು 1.3 ಲೀಟರು ನಲ್ಲಿ ನೀರು. ನೀರನ್ನು ಎರಡು ಸಲ ಕುದಿಸಿದರೆ ಐಸ್ ತಿಳಿಯಾಗುತ್ತದೆಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಕುದಿಸಿದಾಗ ಹೋದ ಗಾಳಿ ಆರುವಾಗ ಮತ್ತೆ ಕರಗಿಕೊಳ್ಳುತ್ತದೆ, ಲವಣವಂತೂ ಪೂರ್ತಿ ಹೋಗುವುದಿಲ್ಲ. ದಿಕ್ಕು ಸರಿಯಿದ್ದರೆ ನಲ್ಲಿ ನೀರೇ ಸಾಕು. ಗಡಸು ಬೋರ್‌ವೆಲ್ ನೀರಾದರೆ ಕೆಳಗಿನ ನೀರನ್ನು ಸ್ವಲ್ಪ ಹೆಚ್ಚು ಚೆಲ್ಲಬೇಕಾಗುತ್ತದೆ, ಅಷ್ಟೇ.

ಮೊದಲ ಗಟ್ಟಿಯಲ್ಲಿ ಮೋಡ ತಳದಲ್ಲಿರಲಿಲ್ಲ, ನಟ್ಟನಡುವೆ ಇತ್ತು. ಅಂದರೆ ಕೆಳಗಿನಿಂದಲೂ ಚಳಿ ಏರಿತ್ತು. ಅವರದು ಒಂದೇ ಬಾಗಿಲಿನ ಹಳೆಯ ಫ್ರಿಜ್ಜು. ಅಂಥದರಲ್ಲಿ ಫ್ರೀಜರಿನ ಲೋಹದ ತಟ್ಟೆಯೇ ಎಲ್ಲಕ್ಕಿಂತ ತಣ್ಣಗಿರುತ್ತದೆ, ಡಬ್ಬಿಯೋ ಅದರ ಮೇಲೆಯೇ ಕೂತಿತ್ತು. ತಳಕ್ಕೆ ಇನ್ನೊಂದು ಪದರ ಥರ್ಮೊಕೋಲ್ ಹಾಕಿ, ಹಿಂಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿದ ಮೇಲೆ ಮೋಡ ಕೆಳಗಿಳಿಯಿತು. ಮೋಡ ಒಂದು ಬದಿಗೆ ವಾಲಿದರೆ ಅದರ ಎದುರು ಬದಿಯ ಹೊದಿಕೆ ತೆಳುವಾಗಿದೆ ಎಂದು ತಿಳಿಯಬೇಕು. ಮೇಲೆ ಮುಚ್ಚಳ ಹಾಕಿದರೆ ಇರುವ ಒಂದು ದಾರಿಯೂ ಮುಚ್ಚಿ ಐಸ್ ಮತ್ತೆ ಎಲ್ಲ ಕಡೆಯಿಂದ ಗಟ್ಟಿಯಾಗುತ್ತದೆ. ಆದರೆ ತೆರೆದ ನೀರು ಫ್ರೀಜರಿನ ಮೀನಿನ ವಾಸನೆಯನ್ನೂ ಇಂಗಿನ ವಾಸನೆಯನ್ನೂ ಹೀರುತ್ತದೆ. ಹಾಗಾಗಿ ಐಸ್ ಇಡುವ ದಿನ ಅವನ್ನು ಬಿಗಿಯಾಗಿ ಕಟ್ಟಿಡಬೇಕು, ಹೊರತೆಗೆದ ಗಟ್ಟಿಯ ಮೇಲ್ಮೈಯನ್ನು ಒಮ್ಮೆ ತೊಳೆಯಬೇಕು.

ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ದಿನಕ್ಕೆ ಸುಮಾರು ನಾಲ್ಕೈದು ಸೆಂಟಿಮೀಟರು ಐಸ್ ಇಳಿಯುತ್ತದೆ. ಆಮೇಲೆ ವೇಗ ಕುಗ್ಗುತ್ತದೆ, ಏಕೆಂದರೆ ಮೇಲೆ ಆದ ಐಸೇ ಕೆಳಗಿನ ನೀರಿಗೆ ಹೊದಿಕೆಯಾಗುತ್ತದೆ. ಶುಕ್ರವಾರ ಬೆಳಿಗ್ಗೆ ಇಟ್ಟ ಡಬ್ಬಿಯನ್ನು ಮಗ ಶನಿವಾರ ಮಧ್ಯಾಹ್ನ ತೆಗೆಯುತ್ತಾನೆ. ಆಗ ಮೇಲೆ ಐದೂವರೆ ಸೆಂಟಿಮೀಟರಿನಷ್ಟು ಗಟ್ಟಿ, ಕೆಳಗೆ ಇನ್ನೂ ನೀರು. ಪೂರ್ತಿ ಹೆಪ್ಪುಗಟ್ಟಲು ಬಿಡಬಾರದು. ಕೊನೆಯ ನೀರು ಹಿಗ್ಗಲು ಜಾಗವಿಲ್ಲದೆ ತಿಳಿಯಾದ ಭಾಗವನ್ನೂ ಸೀಳುತ್ತದೆ, ಕೆಲವೊಮ್ಮೆ ಡಬ್ಬಿಯನ್ನೂ. ಹತ್ತು ಹದಿನೈದು ನಿಮಿಷ ಹೊರಗಿಟ್ಟು ಸಿಂಕಿನಲ್ಲಿ ಕವುಚಿದರೆ ಗಟ್ಟಿ ಜಾರಿಬರುತ್ತದೆ, ನೀರು ಚೆಲ್ಲಿಹೋಗುತ್ತದೆ.

ಅವಸರ ಮಾಡಬಾರದ ಘಟ್ಟ ಇದೇ. ಫ್ರೀಜರಿನಿಂದ ಬಂದ ಕೂಡಲೆ ಗಟ್ಟಿಯ ಮೇಲೆ ಮಂಜಿನ ಬೂದಿಯಂಥ ಬಿಳುಪು ಇರುತ್ತದೆ. ಆಗ ಚಾಕು ಇಟ್ಟರೆ ಅದು ಮನಬಂದ ಕಡೆ ಸೀಳುತ್ತದೆ. ಬಿಳುಪು ಹೋಗಿ ಮೈ ಒದ್ದೆಯಾಗಿ, ಕೆಳಗೆ ಹಾಸಿದ ಬಟ್ಟೆಯ ನೂಲು ಕಾಣಿಸುವವರೆಗೆ ಕಾಯಬೇಕು. ಆಮೇಲೆ ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಿಂದ ಅರ್ಧ ಸೆಂಟಿಮೀಟರು ಗೆರೆ ಕೊರೆದು, ಗೆರೆಯಲ್ಲಿ ಚಾಕು ಇಟ್ಟು, ಅದರ ಬೆನ್ನಿಗೆ ಲಟ್ಟಣಿಗೆಯಿಂದ ಮೆಲ್ಲಗೆ ತಟ್ಟಿದರೆ ಗೆರೆಯ ಗುಂಟ ಒಡೆಯುತ್ತದೆ. 15ಕ್ಕೆ 10ರ ಗಟ್ಟಿಯಿಂದ ಆರು ಕ್ಯೂಬು ಸಿಗುತ್ತವೆ. ಅವನ್ನು ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿಟ್ಟು ಮತ್ತೆ ಒಂದು ಗಂಟೆ ಗಟ್ಟಿ ಮಾಡಿ ಚೀಲಕ್ಕೆ ತುಂಬಬೇಕು. ಒದ್ದೆಯಾಗಿ ತುಂಬಿದರೆ ಬೆಳಗಾಗುವಷ್ಟರಲ್ಲಿ ಎಲ್ಲ ಮತ್ತೆ ಒಂದೇ ಬಂಡೆ.

ಮೊದಲ ತಿಳಿ ಕ್ಯೂಬು ಕಂಡ ಅಪ್ಪ ಗ್ಲಾಸನ್ನು ದೀಪಕ್ಕೆ ಹಿಡಿದರು. "ಗಾಜಿನ ತುಂಡ ಹಾಕೀ ಏನೋ?" ವಿಸ್ಕಿ ಸುರಿದಾಗ ಚಟ್ಟೆಂದು ಶಬ್ದವಾಗಿ ಐಸಿನ ನಡುವೆ ಬಿರುಕು ಓಡಿತು. ಆ ಐಸೂ ಐದು ನಿಮಿಷ ಗ್ಲಾಸಿನಲ್ಲೇ ಕೂತು ಒದ್ದೆಯಾಗಬೇಕಿತ್ತು. ಈಗ ಮೊದಲು ಐಸ್ ಹಾಕಿ, ಶೇಂಗಾ ಬಟ್ಟಲು ತಂದಿಟ್ಟ ಮೇಲೆ ವಿಸ್ಕಿ ಸುರಿಯುತ್ತಾರೆ.

ದೊಡ್ಡ ಐಸ್ ನೀರನ್ನೇ ಸೇರಿಸುವುದಿಲ್ಲ ಎಂದಲ್ಲ. 28 ಡಿಗ್ರಿಯ 60 ಮಿಲಿಲೀಟರು ವಿಸ್ಕಿ ಸೊನ್ನೆಯ ಹತ್ತಿರ ಬರಬೇಕಾದರೆ ಹದಗೊಂಡ ಐಸು 15ರಿಂದ 20 ಮಿಲಿಲೀಟರಿನಷ್ಟು ಕರಗಲೇಬೇಕು. ಕ್ಯೂಬು ದೊಡ್ಡದಿರಲಿ, ಚಿಕ್ಕದಿರಲಿ, ಈ ಲೆಕ್ಕ ಬದಲಾಗದು. ದೊಡ್ಡದು ಅಷ್ಟು ಬೇಗ ಕರಗದು, ಹಾಗಾಗಿ ವಿಸ್ಕಿ ಅಷ್ಟು ಬೇಗ ತಣ್ಣಗಾಗುವುದೂ ಇಲ್ಲ. ಸ್ವಲ್ಪ ಬೆಚ್ಚಗೇ ಉಳಿಯುತ್ತದೆ. ಬೇಗ ಕುಡಿದು ಮುಗಿಸುವ ಪುನರ್ಪುಳಿ ಶರಬತ್ತಿಗೋ ಮಜ್ಜಿಗೆಗೋ ಟ್ರೇಯ ಸಣ್ಣ ಐಸೇ ಒಳ್ಳೆಯದು, ಅದು ಚಟಕ್ಕನೆ ತಣಿಸುತ್ತದೆ. ಗಂಟೆ ಹಿಡಿಯುವ ಗ್ಲಾಸಿಗೆ ಮಾತ್ರ ಈ ಎರಡು ದಿನದ ಕೆಲಸ. ಮುಲುಂಡಿನ ಆ ಮನೆಯಲ್ಲಿ ಈಗ ಶನಿವಾರ ಗ್ಲಾಸು ಖಾಲಿಯಾದಾಗ ತಳದಲ್ಲಿ ನಿಂಬೆಹಣ್ಣಿನಷ್ಟು ಐಸ್ ಇನ್ನೂ ಉಳಿದಿರುತ್ತದೆ.