ಒಳಗೋಡೆಯ ಲೆಕ್ಕ

ಪರದೆಯ ಮೇಲೆ ಘನಾಕೃತಿಯೊಂದನ್ನು ಕಟ್ಟಿ, ಅಂಚುಗಳನ್ನು ಫಿಲೆಟ್‌ನಿಂದ ದುಂಡಗಾಗಿಸಿ, ಶೆಲ್ ಹಾಕಿ ಒಳಗನ್ನು ಟೊಳ್ಳು ಮಾಡುವ ಹೊತ್ತು ನನಗೆ ಬಲು ಪ್ರಿಯ. ಫ್ರೀಕ್ಯಾಡ್ `BRep_API: command not done` ಎಂದು ಹಟ ಹಿಡಿದರೆ ಕುತೂಹಲ ಇನ್ನಷ್ಟು ಏರುತ್ತದೆ. ಆ ಒಣ ವಾಕ್ಯದ ಹಿಂದೆ ಸಾಮಾನ್ಯವಾಗಿ ಅಚ್ಚುಕಟ್ಟಾದ ಜ್ಯಾಮಿತಿಯೊಂದು ಅಡಗಿರುತ್ತದೆ.

ಸೆನ್ಸರ್ ಒಂದಕ್ಕಾಗಿ ಮಾಡುತ್ತಿದ್ದ ಡಬ್ಬಿಯನ್ನೇ ನೋಡಿ. ಉದ್ದ 80 ಮಿ.ಮೀ., ಅಗಲ 50, ಎತ್ತರ 30. ನಿಂತ ಮೂಲೆಗಳಿಗೆ 6 ಮಿ.ಮೀ. ಫಿಲೆಟ್, ತಳದ ಅಂಚಿಗೆ 1.5. ಪಕ್ಕದಲ್ಲಿ ಸ್ಕ್ರೂ ಹಾಕಲು 3.6 ಮಿ.ಮೀ. ದಪ್ಪದ ಕಿವಿ. ಮೇಲ್ಮುಖ ತೆಗೆದು, ಒಳಮುಖವಾಗಿ 2 ಮಿ.ಮೀ. ಗೋಡೆ ಉಳಿಸಿ ಶೆಲ್ ಹಾಕಿದರೆ ಆಗಲೊಲ್ಲದು.

ಇಂಥಲ್ಲಿ ನಾನು ಏನನ್ನೂ ಅಳಿಸುವುದಿಲ್ಲ, ಗೋಡೆಯ ದಪ್ಪವನ್ನಷ್ಟೇ ಇಳಿಸುತ್ತಾ ಹೋಗುತ್ತೇನೆ. 1.4ಕ್ಕೆ ಶೆಲ್ ಆಯಿತು, 1.5ಕ್ಕೆ ನಿಂತಿತು. ಆ ಅಂಕಿಯೇ ತಳದ ಫಿಲೆಟ್ಟನ್ನು ತೋರಿಸುತ್ತದೆ. ಶೆಲ್ ಪ್ರತಿ ಮುಖವನ್ನೂ ಗೋಡೆಯ ದಪ್ಪದಷ್ಟು ಒಳಕ್ಕೆ ಸರಿಸುವುದರಿಂದ ಹೊರಗಿನ ದುಂಡಂಚಿನ ತ್ರಿಜ್ಯ ಒಳಗೆ ಅಷ್ಟೇ ಕುಗ್ಗುತ್ತದೆ. 6 ಇದ್ದದ್ದು 4 ಆಗುತ್ತದೆ, ಸರಿ. 1.5ರಲ್ಲಿ 2 ಕಳೆದರೆ ಕಮಾನೇ ಇಲ್ಲ. ಮಾಯವಾದ ಆ ಮುಖವನ್ನು ಬಿಟ್ಟು ಅಕ್ಕಪಕ್ಕದವನ್ನು ಬೆಸೆಯುವ ಸಾಫ್ಟ್‌ವೇರುಗಳೂ ಇವೆ. ಎಲ್ಲವೂ ಹಾಗೆ ಮಾಡುವುದಿಲ್ಲ.

ತಳದ ಫಿಲೆಟ್ಟನ್ನು ಫೀಚರ್ ಟ್ರೀಯಲ್ಲಿ ಶೆಲ್‌ನ ಕೆಳಕ್ಕೆ ಇಳಿಸಿದೆ. ಈಗ 1.7ರ ತನಕ ಸಲೀಸು, 1.8ಕ್ಕೆ ಮತ್ತೆ ತಡೆ. 3.6ರ ಅರ್ಧ! ಕಿವಿಯ ಎರಡೂ ಬದಿಯ ಒಳಗೋಡೆಗಳು ನಡುವೆ ಒಂದಕ್ಕೊಂದು ತಾಗುತ್ತಿವೆ. ಸ್ಕ್ರೂ ಹಿಡಿಯಬೇಕಾದ ಕಿವಿ ಟೊಳ್ಳಾಗಿರಲೂ ಬಾರದು. ಅದನ್ನೂ ಶೆಲ್ ಆದಮೇಲೆ ಸೇರಿಸಿದೆ. 2 ಮಿ.ಮೀ. ಗೋಡೆ ತಕರಾರಿಲ್ಲದೆ ಬಂತು.

ಹಾಗಿದ್ದರೆ ಫಿಲೆಟ್‌ಗಳನ್ನೆಲ್ಲ ಕೊನೆಗೇ ಹಾಕಬಹುದಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಳದ 1.5ರ ಫಿಲೆಟ್ ಶೆಲ್ ಆದಮೇಲೆ ಬಂದರೂ, ಒಳಗಿನ ಚೂಪು ಮೂಲೆಯಿಂದ ಹೊರಗಿನ ಕಮಾನಿಗೆ ಓರೆಯಾಗಿ ಅಳೆದರೆ ಸುಮಾರು 2.2 ಮಿ.ಮೀ. ಉಳಿಯುತ್ತದೆ. ನಿಂತ ಮೂಲೆಯ 6ನ್ನು ಹಾಗೆ ಮಾಡಿ ನೋಡಿ: ಉಳಿಯುವುದು ಬರೀ 0.34! 6.8 ದಾಟಿದರೆ ಮೂಲೆ ತೂತೇ ಬೀಳುತ್ತದೆ. ಆದ್ದರಿಂದ ದೊಡ್ಡ ಫಿಲೆಟ್ ಶೆಲ್‌ಗೆ ಮೊದಲು ಬರಬೇಕು, ಗೋಡೆಗಿಂತ ಚಿಕ್ಕದು ಆಮೇಲೆ.

ಫಿಲೆಟ್ ತಾನೇ ಸೋಲುವುದೂ ಇದೇ ಡಬ್ಬಿಯಲ್ಲಿ ಕಾಣುತ್ತದೆ. ತಳದ ಅಂಚಿಗೆ 1.5ರ ಬದಲು 8 ಕೊಟ್ಟರೆ, 6ರ ಮೂಲೆಯನ್ನು ಸುತ್ತುವಾಗ ಆ ದುಂಡು ತನ್ನ ಮೇಲೇ ಮಡಚಿಕೊಳ್ಳಬೇಕಾಗುತ್ತದೆ, ಸಾಮಾನ್ಯವಾಗಿ ಅಲ್ಲೇ ಕೆಲಸ ನಿಲ್ಲುತ್ತದೆ. ಮೂಲೆಯನ್ನು 8ಕ್ಕಿಂತ ಹಿಗ್ಗಿಸಬೇಕು, ಇಲ್ಲವೇ ತಳದ್ದನ್ನು 6ಕ್ಕಿಂತ ತಗ್ಗಿಸಬೇಕು.

ಫೀಚರುಗಳ ಜಾಗ ಬದಲಿಸಿದ ಮೇಲೆ ಅಂಚುಗಳನ್ನು ಮತ್ತೊಮ್ಮೆ ನೋಡಿಕೊಳ್ಳಿ. ಫಿಲೆಟ್‌ಗೆ ಗೊತ್ತಿರುವುದು `Edge12`ರಂಥ ಹೆಸರು. ಶೆಲ್ ಮೊದಲಾದರೆ ಆ ಹೆಸರು ಬೇರೆ ಅಂಚಿಗೆ ಹೋಗಿರಬಹುದು. 2024ರಲ್ಲಿ ಬಂದ ಫ್ರೀಕ್ಯಾಡ್ 1.0 ಈ ತೊಂದರೆಯನ್ನು ಬಹಳಷ್ಟು ತಗ್ಗಿಸಿತು. ಆದರೂ ನಾನು ಅಡ್ಡಸೀಳು ನೋಟದಲ್ಲಿ ಮೂಲೆಗಳ ದಪ್ಪ ಅಳೆದ ಮೇಲೆಯೇ ಫೈಲನ್ನು 3ಡಿ ಪ್ರಿಂಟರಿಗೆ ಕಳಿಸುವುದು.