ಪೈಪಿನ್ಯಾಗ ಬಿದ್ದ ಬೆಂಡವಾಲಿ

ಸಿಂಕಿನ್ಯಾಗ ಬಂಗಾರದ್ದು ಏನರೆ ಬಿತ್ತಂದ್ರ ಮೊದಲ ನಳ ಬಂದ್ ಮಾಡ್ರಿ. ನೀರು ಬಿಟ್ಟಷ್ಟೂ ಅದು ಮುಂದ ಹೋಗ್ತದ. ನಮ್ಮ ನೆಗೆಣ್ಣಿ ಸಿಂಕಿನ ಜಾಳಿಗಿ ತಗದು ತಿಕ್ಕುವಾಗ ಕಿವ್ಯಾಗಿನ ಬೆಂಡವಾಲಿ ಕಳಚಿ ಬಿತ್ತು. ಅವರವ್ವ ಕೊಟ್ಟದ್ದು, ಆ ಅವ್ವ ಈಗ ಇಲ್ಲ. ಸಿಂಕಿನ ಕೆಳಗಿನ ಸುಕ್ಕು ಪೈಪು ಬಿಚ್ಚಿ ಬಕೆಟ್‌ನ್ಯಾಗ ಝಾಡಿಸಿದ್ವಿ, ಬರೇ ರಾಡಿ. ಗ್ವಾಡಿಯೊಳಗಿನ ಪೈಪಿಗೆ ಹೋಗೇದ, ಟೈಲ್ಸ್ ಒಡೀಬೇಕು ಅಂದ ಪ್ಲಂಬರ್.

ನಮ್ಮ ತಮ್ಮನ ಮಗ ಗಾಡಿ ರಿಪೇರಿಗಂತ ಒಂದು ಕ್ಯಾಮೆರಾ ತರಿಸಿದ್ದ. ಉದ್ದನ್ನ ವಾಯರು, ತುದಿಗೆ ಕಿರಿಬೆರಳಿಗಿಂತ ಸಣ್ಣ ತಲಿ, ಅದರ ಸುತ್ತ ಪುಟ್ಟ ದೀಪ. ಅದರ ಪಿನ್ನು ಫೋನಿಗೆ ಕೂಡಂಗಿಲ್ಲ, ನಡುವ ಒಂದು ಸಣ್ಣ ಓಟಿಜಿ ತುಂಡು ಹಾಕಬೇಕು.

ಹಚ್ಚಿದ ಕೂಡಲೆ ಫೋನಿನ್ಯಾಗ ಏನೂ ಕಾಣಲಿಲ್ಲ. ಆಗ ತಲಿಯೊಳಗಿನ ದೀಪ ನೋಡ್ರಿ. ದೀಪ ಹತ್ತಿಲ್ಲಂದ್ರ ಕರೆಂಟ ಹೋಗವಲ್ತು: ಫೋನಿನ ದಪ್ಪ ಕವರ್ ತಗದು ಪಿನ್ನು ಪೂರಾ ಒತ್ತಬೇಕು. ಕೆಲವು ಫೋನಿನ್ಯಾಗ ಸೆಟ್ಟಿಂಗ್ಸ್‌ಗೆ ಹೋಗಿ ಓಟಿಜಿ ಚಾಲೂ ಮಾಡಬೇಕು, ಸುಮ್ನ ಬಿಟ್ರ ಸ್ವಲ್ಪ ಹೊತ್ತಿಗೆ ಅದು ತಾನ ಬಂದ್ ಆಗ್ತದ. ನಮ್ಮದು ಹಂಗ ಆಗಿತ್ತು. ದೀಪ ಹತ್ತೇದ, ಚಿತ್ರ ಇಲ್ಲಂದ್ರ ತಕರಾರು ಆಪಿನದು. ಫೋನಿನ ಸಾದಾ ಕ್ಯಾಮೆರಾ ಆಪಿನ್ಯಾಗ ಇದು ಹೆಚ್ಚಾಗಿ ಬರಂಗಿಲ್ಲ. ಯುಎಸ್‌ಬಿ ಕ್ಯಾಮೆರಾದ್ದ ಬ್ಯಾರೆ ಆಪ್ ಹಾಕಿ, ಅದು ಕೇಳಿದ ಅನುಮತಿ ಕೊಡಬೇಕು.

ಗ್ವಾಡಿ ಪೈಪಿನ್ಯಾಗ ನಿಧಾನ ತೂರಿಸಿದ್ವಿ. ಬರೇ ಬೆಳ್ಳಗ ಕಂಡ್ತು. ಒದ್ದಿ ಪೈಪಿಗೆ ದೀಪ ಬಡದು ಹೊಳಿತದ ನೋಡ್ರಿ, ಅದಕ್ಕ ವಾಯರಿನ ಮ್ಯಾಲಿನ ಚಕ್ರ ತಿರುವಿ ದೀಪ ಸಣ್ಣದು ಮಾಡಿದ್ವಿ. ಇದರ ಕಣ್ಣಿಗೆ ಮೂರು-ನಾಲ್ಕು ಬೆರಳು ದೂರದ್ದಷ್ಟ ಚಲೋ ಕಾಣ್ತದ, ಅದಕ್ಕಿಂತ ಹತ್ತಿರ ಹೋದ್ರೂ ಮಸುಕು. ಮತ್ತ ವಾಯರು ತಿರುಗಿದಂಗ ಚಿತ್ರಾನೂ ತಿರಗ್ತದ, ಮ್ಯಾಲ ಯಾವುದು ಕೆಳಗ ಯಾವುದು ತಿಳಿಯಂಗಿಲ್ಲ. ನಿಂತ ನೀರು ಯಾವ ಕಡೆ ಕಾಣ್ತದ, ಅದ ಕೆಳಗ ಅಂತ ನಾ ಹಿಡಕೊಂಡೆ.

ಒಂದು ಮೊಳದಷ್ಟು ಒಳಗ ಪೈಪು ತಿರುವೋ ಕಡೆ, ಜಿಡ್ಡಿನ್ಯಾಗ ಹಳದಿ ಚುಕ್ಕಿ! "ವೈನಿ, ಅದ ಅದು, ಅದ ಅದು" ಅಂತ ನೆಗೆಣ್ಣಿ ನನ್ನ ರಟ್ಟಿ ಹಿಡದು ಅಲ್ಲಾಡಿಸಿದ್ದಕ್ಕ ಚಿತ್ರ ಎಲ್ಲೋ ಹೋತು!

ಕ್ಯಾಮೆರಾದ ಜೋಡಿ ಒಂದು ಮ್ಯಾಗ್ನೆಟ್ಟು, ಒಂದು ಕೊಕ್ಕಿ ಕೊಟ್ಟಿರ್ತಾರ. ಬಂಗಾರಕ್ಕ ಮ್ಯಾಗ್ನೆಟ್ ಹಿಡಿಯಂಗಿಲ್ಲ, ಕೊಕ್ಕಿನ ಬೇಕು. ವಾಯರು ಹೊರಗ ತಗದು ತಲಿಗೆ ಕೊಕ್ಕಿ ಸಿಗಿಸಿ ಮತ್ತ ಬಿಟ್ಟಿವಿ. ಬೆಂಡವಾಲಿಗಿಂತ ಸ್ವಲ್ಪ ಮುಂದ ದಾಟಿಸಿ, ಆಮ್ಯಾಲ ಹಿಂದಕ್ಕ ಎಳೀಬೇಕು. ಎದುರಿನಿಂದ ಮುಟ್ಟಿದ್ರ ಅದನ್ನ ಮುಂದಕ್ಕ ನೂಕಿದಂಗ ಆಗ್ತದ. ಎರಡು ಸಲ ಜಾರಿತು, ಮೂರನೇ ಸಲ ಬಂತು. ತಿರುಪು ಮಾತ್ರ ಸಿಗಲಿಲ್ಲ.

ಕ್ಯಾಮೆರಾ ತೊಳಿಯೂದಿದ್ರ ತಲಿ ಮತ್ತ ಒಳಗ ಹೋದ ವಾಯರಷ್ಟ ಸಾಬೂನು ನೀರಿನ್ಯಾಗ ಒರಸ್ರಿ, ಫೋನಿಗೆ ಹಚ್ಚೂ ಪಿನ್ನಿಗೆ ನೀರು ತಾಗಬಾರದು.